ಮಧ್ಯಾಹ್ನದ ತೂಕಡಿಕೆ: ಮಗುವಿನ ಹೊಸ ಮದ್ದಿನ ಬಗ್ಗೆ ಶಿಕ್ಷಕಿಗೊಂದು ಪತ್ರ

ಮಗುವಿಗೆ ಫಿಟ್ಸ್ ಇದೆಯೆಂದು ವೈದ್ಯರು ಹೊಸ ಮಾತ್ರೆ ಬರೆದುಕೊಟ್ಟಾಗ ಹಲವು ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಶಾಲೆಗೆ ಹೇಳಬೇಕೇ ಬೇಡವೇ ಎಂಬುದು. ಹೇಳಿದರೆ ಸುದ್ದಿ ಊರೆಲ್ಲ ಹರಡೀತು, ಹೆಣ್ಣು ಮಗುವಾದರೆ ಮುಂದೆ ಮದುವೆ ಸಂಬಂಧಕ್ಕೆ ತೊಡಕಾದೀತು ಎಂಬ ಅಂಜಿಕೆ ಹೆತ್ತವರದ್ದು. ಹಾಗಾಗಿ ಕೆಲವರು ಏನನ್ನೂ ಹೇಳುವುದಿಲ್ಲ. ಇನ್ನು ಕೆಲವರು ಶಾಲೆಯ ಡೈರಿಯಲ್ಲಿ ‘ಮಗು ಮದ್ದು ತೆಗೆದುಕೊಳ್ಳುತ್ತಿದೆ, ನಿದ್ದೆ ಬಂದರೆ ಬೈಯಬೇಡಿ’ ಎಂದು ಒಂದು ಸಾಲು ಬರೆದು ಕಳುಹಿಸುತ್ತಾರೆ.

ಈ ಒಂದು ಸಾಲಿನಿಂದ ಮಗುವಿಗೆ ಬೈಗುಳ ತಪ್ಪಬಹುದು, ಆದರೆ ಅಪಾಯ ತಪ್ಪುವುದಿಲ್ಲ. ಏಕೆಂದರೆ ಮದ್ದಿನಿಂದ ನಿದ್ದೆ ಬರುವಂತೆಯೇ ಫಿಟ್ಸ್ ಬಂದು ಹೋದ ಬಳಿಕವೂ ಮಗು ಸುಸ್ತಾಗಿ ನಿದ್ದೆ ಹೋಗುತ್ತದೆ. ಕಾಯಿಲೆಯ ವಿಷಯವೇ ಗೊತ್ತಿಲ್ಲದ ಶಿಕ್ಷಕಿ ಎರಡನ್ನೂ ಮದ್ದಿನ ನಿದ್ದೆಯೆಂದೇ ತಿಳಿದು ಸುಮ್ಮನಿರುತ್ತಾರೆ. ಆದ್ದರಿಂದ ಶಿಕ್ಷಕಿಗೆ ಬರೆಯುವ ಪತ್ರದಲ್ಲಿ ಯಾವ ನಿದ್ದೆ ನಿರೀಕ್ಷಿತ, ಯಾವುದು ಅಲ್ಲ ಎಂಬುದು ಸ್ಪಷ್ಟವಾಗಿರಬೇಕು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಾಲ್ಕನೇ ತರಗತಿಯ ಹುಡುಗಿ, ವಯಸ್ಸು 9, ತೂಕ 24 ಕಿಲೋ. ಆಗಾಗ ಒಂದು ನಿಮಿಷದ ಮಟ್ಟಿಗೆ ದೃಷ್ಟಿ ನೆಟ್ಟು ಕುಳಿತು ತುಟಿ ಚಪ್ಪರಿಸುತ್ತಾಳೆ, ಕರೆದರೆ ಓಗೊಡುವುದಿಲ್ಲ. ಕೈಕಾಲು ಸೆಳೆಯದಿದ್ದರೂ ಇದು ಫಿಟ್ಸ್‌ನದೇ ಒಂದು ಬಗೆ. ವೈದ್ಯರು ಪರೀಕ್ಷಿಸಿ ಕಾರ್ಬಮಝೆಪಿನ್ ಎಂಬ ಮಾತ್ರೆ ಬರೆದಿದ್ದಾರೆ. ಮೊದಲ ವಾರ ಬೆಳಿಗ್ಗೆ 8ಕ್ಕೆ 100 ಮಿಲಿಗ್ರಾಂ, ರಾತ್ರಿ 8ಕ್ಕೆ 100 ಮಿಲಿಗ್ರಾಂ. ಎರಡನೇ ವಾರದಿಂದ ರಾತ್ರಿಯದ್ದು 200 ಮಿಲಿಗ್ರಾಂ. ಈ ಪ್ರಮಾಣ ಮಗುವಿನ ತೂಕ ಮತ್ತು ಕಾಯಿಲೆಯನ್ನು ನೋಡಿ ವೈದ್ಯರು ನಿರ್ಧರಿಸುವಂಥದ್ದು. ಇನ್ನೊಂದು ಮಗುವಿಗೆ ಇದೇ ಲೆಕ್ಕದಲ್ಲಿ ಕೊಡಬಾರದು.

ನಿದ್ದೆ ಮಧ್ಯಾಹ್ನವೇ ಏಕೆ ಬರುತ್ತದೆ? ಈ ಮದ್ದಿನ ಸಾಮಾನ್ಯ ಮಾತ್ರೆ ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಾಗುವುದು ನುಂಗಿದ ಸುಮಾರು ನಾಲ್ಕರಿಂದ ಎಂಟು ಗಂಟೆಗಳ ಬಳಿಕ. ಬೆಳಿಗ್ಗೆ 8ಕ್ಕೆ ನುಂಗಿದರೆ ಆ ಹೊತ್ತು 12ರಿಂದ 4ರ ನಡುವೆ ಬೀಳುತ್ತದೆ. ಊಟ ಮುಗಿಸಿ ಮಕ್ಕಳು ತರಗತಿಯಲ್ಲಿ ಕೂರುವ ವೇಳೆಯೂ ಅದೇ. ಹೀಗೆ ಊಟದ ಮಂಪರು ಮತ್ತು ಮದ್ದಿನ ಮಂಪರು ಒಟ್ಟಿಗೆ ಸೇರುತ್ತವೆ. ಇದೇ ಮದ್ದು ಸಿರಪ್ ರೂಪದಲ್ಲಿದ್ದರೆ ಬೇಗ ಏರುತ್ತದೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಏರಿಳಿತ ಕಡಿಮೆ. ಹಾಗಾಗಿ ನಿಮ್ಮ ಮಗುವಿಗೆ ಕೊಟ್ಟಿರುವುದು ಯಾವ ಬಗೆ, ನಿದ್ದೆ ಯಾವ ಹೊತ್ತಿಗೆ ಬರಬಹುದು ಎಂದು ವೈದ್ಯರನ್ನೇ ಕೇಳಿ, ಆ ಸಮಯವನ್ನು ಪತ್ರದಲ್ಲಿ ಬರೆಯಬೇಕು.

ಈ ಮಂಪರು ಸಾಮಾನ್ಯವಾಗಿ ಹೆಚ್ಚು ದಿನ ಇರುವುದಿಲ್ಲ. ಮಗುವಿನ ಮೆದುಳು ಮದ್ದಿಗೆ ಒಗ್ಗಿಕೊಳ್ಳುತ್ತದೆ. ಜೊತೆಗೆ ಮೂರರಿಂದ ಐದು ವಾರಗಳಲ್ಲಿ ಯಕೃತ್ತು ಈ ಮದ್ದನ್ನು ಮೊದಲಿಗಿಂತ ಬೇಗನೆ ಕರಗಿಸಲು ಕಲಿಯುತ್ತದೆ. ಆದರೆ ಪ್ರಮಾಣ ಹೆಚ್ಚಿಸಿದಾಗ ಕೆಲವು ದಿನ ಮತ್ತೆ ತೂಕಡಿಕೆ ಕಾಣಿಸಬಹುದು. ಪತ್ರದಲ್ಲಿ ಆರಂಭದ ದಿನಾಂಕ ಮತ್ತು ಪ್ರಮಾಣ ಏರುವ ದಿನಾಂಕ ಎರಡೂ ಇರಬೇಕಾದುದು ಇದಕ್ಕೇ.

ಇಷ್ಟನ್ನು ತಿಳಿದುಕೊಂಡು ಆ ತಾಯಿ ಬರೆಯಬಹುದಾದ ಪತ್ರ ಹೀಗಿರುತ್ತದೆ:

ಮಾನ್ಯ ತರಗತಿ ಶಿಕ್ಷಕಿಯವರಿಗೆ,

ನಿಮ್ಮ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಫಿಟ್ಸ್ ಇದೆಯೆಂದು ವೈದ್ಯರು ಹೇಳಿದ್ದಾರೆ. ಜುಲೈ 7ರಿಂದ ಕಾರ್ಬಮಝೆಪಿನ್ ಮಾತ್ರೆ ಆರಂಭಿಸಿದ್ದೇವೆ. ಬೆಳಿಗ್ಗೆ ಮತ್ತು ರಾತ್ರಿ ಮನೆಯಲ್ಲೇ ಕೊಡುತ್ತೇವೆ, ಶಾಲೆಯಲ್ಲಿ ಕೊಡಬೇಕಾದ ಮದ್ದು ಯಾವುದೂ ಇಲ್ಲ. ಜುಲೈ 14ರಂದು ಪ್ರಮಾಣ ಸ್ವಲ್ಪ ಹೆಚ್ಚಾಗುತ್ತದೆ.

ಜುಲೈ ಕೊನೆಯವರೆಗೆ ಮಧ್ಯಾಹ್ನ 12ರಿಂದ 4ರ ನಡುವೆ ಅವಳಿಗೆ ತೂಕಡಿಕೆ ಬರಬಹುದೆಂದು ವೈದ್ಯರು ತಿಳಿಸಿದ್ದಾರೆ. ಇದು ಸೋಮಾರಿತನವಲ್ಲ. ತಲೆ ನಿಧಾನವಾಗಿ ಬಾಗುತ್ತದೆ, ಹೆಗಲು ಮುಟ್ಟಿ ಕರೆದರೆ ಕಣ್ಣು ತೆರೆದು ಮಾತಾಡುತ್ತಾಳೆ. ಆಗ ಎದ್ದು ಮುಖ ತೊಳೆದುಕೊಂಡು ಬರಲು ಬಿಡಿ. ಆಗಲೂ ಆಗದಿದ್ದರೆ ಹದಿನೈದಿಪ್ಪತ್ತು ನಿಮಿಷ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಲು ಅವಕಾಶ ಕೊಡಿ. ಕಿರುಪರೀಕ್ಷೆಗಳನ್ನು ಸಾಧ್ಯವಾದರೆ ಬೆಳಗಿನ ಹೊತ್ತು ಬರೆಸಿ. ಬಿಟ್ಟುಹೋದ ಪಾಠವನ್ನು ಸಂಜೆ ಮನೆಯಲ್ಲಿ ಬರೆಸುತ್ತೇನೆ.

ಫಿಟ್ಸ್ ಬೇರೆಯೇ ರೀತಿ ಇರುತ್ತದೆ. ದೃಷ್ಟಿ ನೆಟ್ಟು ಕೂರುತ್ತಾಳೆ, ತುಟಿ ಚಪ್ಪರಿಸುತ್ತಾಳೆ, ಬಟ್ಟೆಯನ್ನು ಹಿಡಿದು ಎಳೆಯುತ್ತಿರುತ್ತಾಳೆ. ಮುಟ್ಟಿ ಕರೆದರೂ ಓಗೊಡುವುದಿಲ್ಲ. ಒಂದೆರಡು ನಿಮಿಷದಲ್ಲಿ ನಿಲ್ಲುತ್ತದೆ, ಬಳಿಕ ಎಲ್ಲಿದ್ದೇನೆಂದು ತಿಳಿಯದೆ ಗೊಂದಲಗೊಂಡು ನಿದ್ದೆ ಹೋಗುತ್ತಾಳೆ. ಹೀಗಾದರೆ ಹೊತ್ತು ಎಷ್ಟೇ ಆಗಿರಲಿ, ದಯವಿಟ್ಟು ಅದೇ ದಿನ ನನಗೆ ಫೋನ್ ಮಾಡಿ. ಕೈಕಾಲು ಸೆಳೆಯತೊಡಗಿದರೆ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು ಬೇಡ. ಐದು ನಿಮಿಷದಲ್ಲಿ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಬಳಿಕ ನನಗೆ ತಿಳಿಸಿ.

ನಡೆಯುವಾಗ ಓಲಾಡಿದರೆ, ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತದೆ ಎಂದರೆ, ಪದೇ ಪದೇ ವಾಂತಿ ಮಾಡಿದರೆ ಅಥವಾ ಎಚ್ಚರಿಸಿದರೂ ಸರಿಯಾಗಿ ಎಚ್ಚರವಾಗದಿದ್ದರೆ ಮದ್ದು ಹೆಚ್ಚಾಗಿರಬಹುದು. ಮೈಮೇಲೆ ಕೆಂಪು ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಅದು ಮದ್ದಿನ ಅಲರ್ಜಿಯಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಕರೆಸಿ, ನಾನು ಬಂದು ಆಸ್ಪತ್ರೆಗೆ ಕರೆದೊಯ್ಯುತ್ತೇನೆ.

ತೂಕಡಿಕೆ ಇರುವಷ್ಟು ದಿನ ಎತ್ತರದ ಮೇಲೆ ಹತ್ತುವ ಆಟ ಬೇಡ. ಉಳಿದ ಎಲ್ಲದರಲ್ಲೂ ಅವಳನ್ನು ಇತರ ಮಕ್ಕಳಂತೆಯೇ ನೋಡಿ. ಈ ವಿಷಯ ನಿಮ್ಮಲ್ಲಿ, ಮುಖ್ಯೋಪಾಧ್ಯಾಯರಲ್ಲಿ ಮತ್ತು ಮಧ್ಯಾಹ್ನ ಪಾಠ ಮಾಡುವ ಶಿಕ್ಷಕರಲ್ಲಿ ಮಾತ್ರ ಇರಲಿ, ತರಗತಿಯಲ್ಲಿ ಹೇಳುವುದು ಬೇಡವೆಂದು ಕೋರುತ್ತೇನೆ. ಆಗಸ್ಟ್ 4ರಂದು ಮತ್ತೆ ವೈದ್ಯರನ್ನು ಕಾಣುತ್ತೇವೆ. ಅಲ್ಲಿಯವರೆಗೆ ನಿದ್ದೆ ಬಂದ ದಿನ ಮತ್ತು ಹೊತ್ತನ್ನು ಡೈರಿಯಲ್ಲಿ ಒಂದು ಸಾಲು ಬರೆದರೆ ವೈದ್ಯರಿಗೆ ತೋರಿಸುತ್ತೇನೆ.

ಇತಿ,
ವಿದ್ಯಾರ್ಥಿನಿಯ ತಾಯಿ (ಹೆಸರು, ಸಹಿ, ಎರಡು ಫೋನ್ ಸಂಖ್ಯೆಗಳು)

ಡೈರಿಯಲ್ಲಿ ಬರೆಯುವ ಆ ಒಂದು ಸಾಲು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನೋಡಿ. ಜುಲೈ 9ರಂದು ಮಧ್ಯಾಹ್ನ 2.15ಕ್ಕೆ ಹುಡುಗಿ ತೂಕಡಿಸಿದಳು, ಕರೆದಾಗ ಎದ್ದು ಮುಖ ತೊಳೆದು ಬಂದಳು ಎಂದು ಶಿಕ್ಷಕಿ ಬರೆದಿದ್ದಾರೆ ಎಂದುಕೊಳ್ಳೋಣ. ಹೇಳಿದ ಹೊತ್ತಿಗೇ ಬಂದ, ಎಚ್ಚರಿಸಿದರೆ ಹೋದ ನಿದ್ದೆ ಅದು. ಗಾಬರಿಗೆ ಕಾರಣವಿಲ್ಲ. ಜುಲೈ 16ರ ಸಾಲು ಬೇರೆ: ‘ಬೆಳಿಗ್ಗೆ 11.20. ಒಂದು ನಿಮಿಷ ದೃಷ್ಟಿ ನೆಟ್ಟಿತ್ತು, ಕರೆದರೆ ಉತ್ತರವಿಲ್ಲ. ಬಳಿಕ ಅರ್ಧ ಗಂಟೆ ನಿದ್ದೆ.’ ಹೊತ್ತು ಬೇರೆ, ನಿದ್ದೆಗೆ ಮುಂಚೆ ನಡೆದದ್ದೂ ಬೇರೆ. ಇದು ಫಿಟ್ಸ್ ಬಂದು ಹೋದ ಬಳಿಕದ ನಿದ್ದೆ.

ಪತ್ರವೇ ಇಲ್ಲದಿದ್ದರೆ ಮನೆಗೆ ಬರುತ್ತಿದ್ದ ಸುದ್ದಿ ಒಂದೇ: ‘ಮಗು ಬೆಳಿಗ್ಗೆಯೂ ನಿದ್ದೆ ಮಾಡುತ್ತಿದೆ, ಮಧ್ಯಾಹ್ನವೂ ನಿದ್ದೆ ಮಾಡುತ್ತಿದೆ.’ ಅದನ್ನು ಕೇಳಿದ ಹೆತ್ತವರು ಮದ್ದು ಜಾಸ್ತಿಯಾಯಿತೆಂದು ಭಾವಿಸಿ ಬೆಳಗಿನ ಮಾತ್ರೆಯನ್ನು ಅರ್ಧ ಮಾಡುವ ಸಾಧ್ಯತೆಯಿತ್ತು. ಆದರೆ ಜುಲೈ 16ರ ಸಾಲು ಹೇಳುವುದು ತದ್ವಿರುದ್ಧವಾದ ಮಾತನ್ನು. ಫಿಟ್ಸ್ ಇನ್ನೂ ಹತೋಟಿಗೆ ಬಂದಿಲ್ಲ, ಬಹುಶಃ ಮದ್ದು ಹೆಚ್ಚಿಸಬೇಕಾದೀತು. ವೈದ್ಯರು ಡೈರಿಯನ್ನು ನೋಡಿ ಅದನ್ನು ನಿರ್ಧರಿಸಬಲ್ಲರು. ಹಗಲಿನ ಮಂಪರು ಹೆಚ್ಚಾಗಿದ್ದರೆ ರಾತ್ರಿಯ ಪಾಲನ್ನು ಹೆಚ್ಚಿಸಿ ಬೆಳಗಿನದನ್ನು ಕಡಿಮೆ ಮಾಡಬಹುದು, ಇಲ್ಲವೇ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗೆ ಬದಲಿಸಬಹುದು. ಆ ಕೆಲಸ ಮಾತ್ರ ಅವರದೇ. ಮನೆಯಲ್ಲಿ ನಾವಾಗಿಯೇ ಈ ಮದ್ದನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ನಿಲ್ಲದಂತೆ ಬರುವ ಅಪಾಯವಿದೆ. ದದ್ದು ಕಂಡಾಗ ಮಾತ್ರ ಮುಂದಿನ ಮಾತ್ರೆಯ ಹೊತ್ತು ಬರುವ ಮೊದಲೇ ವೈದ್ಯರನ್ನು ಕಂಡು, ಕೊಡಬೇಕೇ ಬಿಡಬೇಕೇ ಎಂದು ಕೇಳಬೇಕು.

ಇನ್ನೊಂದು ಸಂದರ್ಭದಲ್ಲೂ ಎಚ್ಚರ ಬೇಕು. ಮಂಪರು ಹೋಗಿ ತಿಂಗಳುಗಳಾದ ಮೇಲೆ ಮಗು ಇದ್ದಕ್ಕಿದ್ದಂತೆ ಮತ್ತೆ ತೂಕಡಿಸಿ ಓಲಾಡತೊಡಗಿದರೆ, ಈಚೆಗೆ ಬೇರೆ ಯಾವ ಮದ್ದು ಕೊಟ್ಟಿದ್ದೀರೆಂದು ನೋಡಿ. ಗಂಟಲು ನೋವು, ಕೆಮ್ಮಿಗೆ ಕೊಡುವ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ಗಳು ಕಾರ್ಬಮಝೆಪಿನ್ ಕರಗುವುದನ್ನು ತಡೆಯುತ್ತವೆ. ಆಗ ಎಂದಿನ ಪ್ರಮಾಣವೇ ರಕ್ತದಲ್ಲಿ ವಿಪರೀತವಾಗುತ್ತದೆ. ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಮಗುವಿನ ಫಿಟ್ಸ್ ಮಾತ್ರೆಯ ಚೀಟಿಯನ್ನು ಮೊದಲು ತೋರಿಸಿ.

ನಮ್ಮ ಮಕ್ಕಳ ದಿನ ಹಲವು ಊರುಗಳಲ್ಲಿ ಶಾಲೆಗೆ ಮುಂಚೆ ಮದ್ರಸದಿಂದ ಆರಂಭವಾಗುತ್ತದೆ. ಬೆಳಿಗ್ಗೆ ಬೇಗ ಏಳುವ ಮಗುವಿಗೆ ಈ ವಾರಗಳಲ್ಲಿ ರಾತ್ರಿ ಬೇಗ ಮಲಗುವ ವ್ಯವಸ್ಥೆಯಾಗಬೇಕು. ನಿದ್ದೆಗೆಟ್ಟರೆ ಮಧ್ಯಾಹ್ನದ ಮಂಪರು ಹೆಚ್ಚುವುದಷ್ಟೇ ಅಲ್ಲ, ಫಿಟ್ಸ್ ಬರುವುದಕ್ಕೂ ಅದೇ ಕಾರಣವಾಗಬಹುದು. ಮಾತ್ರೆಯನ್ನು ಬೆಳಿಗ್ಗೆ 8ಕ್ಕೆ ನುಂಗುವ ಮಗು ಮದ್ರಸದಲ್ಲಿರುವಾಗ ಮದ್ದಿನ ಪ್ರಭಾವ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ ದೃಷ್ಟಿ ನೆಟ್ಟು ಕುಳಿತದ್ದು ಕಂಡರೆ ಅದನ್ನು ಗುರುತಿಸಬೇಕಾದವರು ಉಸ್ತಾದರು. ಆದ್ದರಿಂದ ಪತ್ರದ ಒಂದು ಪ್ರತಿಯನ್ನು, ಗುಟ್ಟಾಗಿಡಬೇಕೆಂಬ ಅದೇ ಕೋರಿಕೆಯೊಂದಿಗೆ, ಅವರ ಕೈಗೂ ಕೊಡಿ. ಆಗಸ್ಟ್ 4ರಂದು ವೈದ್ಯರು ಪ್ರಮಾಣವನ್ನು ಬದಲಿಸಿದರೆ ಎರಡೂ ಕಡೆಗೆ ಹೊಸ ದಿನಾಂಕ ಬರೆದು ತಿಳಿಸಿ, ಹಳೆಯ ಪತ್ರವನ್ನು ಹಿಂದಕ್ಕೆ ಪಡೆಯಿರಿ.