ಟೀ ವಿರಾಮಕ್ಕೆ ಎರಡೇ ವಾಕ್ಯ: ಕಲ್ಲಟ್ಟಿ ಘಾಟಿಯ ಒಂದು ಉದಾಹರಣೆ



ನಮ್ಮ ಸಮಾವೇಶಗಳಲ್ಲಿ ವೇದಿಕೆಯ ಮಾತಿಗೆ ಇಪ್ಪತ್ತು ನಿಮಿಷ ಸಿಗುತ್ತದೆ. ಆದರೆ ಆ ಮಾತು ಯಾರಿಗೆ ನಿಜವಾಗಿ ಬೇಕೋ ಅವರು ಸಿಗುವುದು ಹೆಚ್ಚಾಗಿ ಟೀ ವಿರಾಮದಲ್ಲಿ, ಕೈಯಲ್ಲಿ ಲೋಟ ಹಿಡಿದುಕೊಂಡು, ಅರ್ಧ ನಿಮಿಷ. ಇಡೀ ಭಾಷಣವನ್ನು ಆ ಹೊತ್ತಿಗೆ ಎರಡು ವಾಕ್ಯಕ್ಕೆ ಇಳಿಸುವುದು ಹೇಗೆಂದು ಒಂದು ಉದಾಹರಣೆಯ ಮೂಲಕ ನೋಡೋಣ.

ನಿಮ್ಮ ಭಾಷಣದ ವಿಷಯ ಕಲ್ಲಟ್ಟಿ ಘಾಟಿಯಲ್ಲಿ ವಾಹನ ಇಳಿಸುವ ಬಗೆ ಎಂದಿಟ್ಟುಕೊಳ್ಳಿ. ಸುಮಾರು 2,240 ಮೀಟರ್ ಎತ್ತರದ ಊಟಿಯಿಂದ ಸಾವಿರ ಮೀಟರ್ ಆಸುಪಾಸಿನ ಮಸಿನಗುಡಿಗೆ ಇಳಿಯುವ ಈ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಬ್ರೇಕ್ ತುಳಿದುಕೊಂಡೇ ಇಳಿದರೆ ಪ್ಯಾಡು, ಡಿಸ್ಕು ಕಾಯುತ್ತವೆ. ಬಿಸಿ ಮಿತಿ ಮೀರಿದಾಗ ಪ್ಯಾಡಿನ ಹಿಡಿತ ಕುಗ್ಗುತ್ತದೆ, ಬ್ರೇಕ್ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ. ಫಸ್ಟ್ ಅಥವಾ ಸೆಕೆಂಡ್ ಗೇರಿನಲ್ಲಿ ಇಳಿದರೆ ಎಂಜಿನ್ನೇ ವೇಗ ತಡೆಯುತ್ತದೆ, ಬ್ರೇಕನ್ನು ಆಗಾಗ ಮಾತ್ರ ಬಳಸಿದರೆ ಸಾಕು. ಭಾಷಣದಲ್ಲಿ ಇದರ ಜೊತೆಗೆ ರಸ್ತೆಯ ಇತಿಹಾಸ, ಅಪಘಾತಗಳು, ಹೊರಗಿನ ವಾಹನ ಇಳಿಯುವುದಕ್ಕೆ ಬಂದ ನಿರ್ಬಂಧ ಎಲ್ಲವೂ ಇರುತ್ತವೆ.

ಟೀ ವಿರಾಮದಲ್ಲಿ ಮಸಿನಗುಡಿಯ ಜೀಪು ಮಾಲೀಕರೊಬ್ಬರು ಸಿಗುತ್ತಾರೆ. ಅವರಿಗೆ ನಾವು ಸಾಮಾನ್ಯವಾಗಿ ಹೇಳುವುದು ಹೀಗೆ: "ನೀಲಗಿರಿಯ ಘಾಟಿ ರಸ್ತೆಗಳ ಇತಿಹಾಸ ನೋಡಿ, ಅಪಘಾತಗಳ ಕಾರಣ ಹುಡುಕಿ, ಡ್ರೈವರ್‌ಗಳ ಜೊತೆ ಮಾತಾಡಿ, ಅವರ ಅಭ್ಯಾಸ ಗಮನಿಸಿ, ಗೇರ್ ಬಳಕೆಯ ಬಗ್ಗೆ ಒಂದು..." ಅಷ್ಟರಲ್ಲಿ ಯಾರೋ ಅವರನ್ನು ಕರೆಯುತ್ತಾರೆ. ಕನ್ನಡದಲ್ಲಿ ಈ ಅಪಾಯ ಹೆಚ್ಚು. ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. 'ನೋಡಿ, ಹುಡುಕಿ, ಮಾತಾಡಿ' ಎಂದು ಪೋಣಿಸುತ್ತಾ ಹೋದರೆ ಮುಖ್ಯ ಮಾತು ಕೊನೆಯವರೆಗೂ ಬಾಯಿಗೆ ಬರುವುದೇ ಇಲ್ಲ.

ಆದ್ದರಿಂದ ಭಾಷಣವನ್ನು ಮೊದಲಿನಿಂದ ಕುಗ್ಗಿಸಲು ಹೋಗಬೇಡಿ. ಅದರ ಕೊನೆಯಿಂದ ಶುರುಮಾಡಿ. ಮೊದಲ ವಾಕ್ಯದಲ್ಲಿ ಕೇಳುವವರಿಗೆ ತಟ್ಟುವ ತೊಂದರೆ ಮತ್ತು ಅದರ ಕಾರಣ ಇರಲಿ. ಎರಡನೆಯದರಲ್ಲಿ ನೀವು ಮಾಡಬಲ್ಲದ್ದು ಮತ್ತು 'ಆಗಲಿ' ಅಥವಾ 'ಬೇಡ' ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ ಇರಲಿ:

"ಕಲ್ಲಟ್ಟಿಯಲ್ಲಿ ಬ್ರೇಕ್ ತುಳಿದುಕೊಂಡೇ ಇಳಿದರೆ ಅದು ಕಾದು, ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಹಿಡಿಯದೇ ಹೋಗಬಹುದು. ಗೇರಿನಲ್ಲೇ ಇಳಿಸುವುದನ್ನು ನಿಮ್ಮ ಹೊಸ ಡ್ರೈವರ್‌ಗಳಿಗೆ ಅರ್ಧ ಗಂಟೆಯಲ್ಲಿ ತೋರಿಸಿಕೊಡುತ್ತೇನೆ, ಒಂದು ದಿನ ಬರಬಹುದಾ?"

ನಿಧಾನವಾಗಿ ಹೇಳಿದರೂ ಇಪ್ಪತ್ತು ಸೆಕೆಂಡು ದಾಟುವುದಿಲ್ಲ. 36 ತಿರುವು, ಊಟಿಯ ಎತ್ತರ, ಆಯಿಲ್ ಕುದಿಯುವ ವಿಷಯ ಯಾವುದೂ ಇದರಲ್ಲಿಲ್ಲ. ಆ ದಾರಿಯಲ್ಲಿ ದಿನವೂ ಓಡಾಡುವವರಿಗೆ ತಿರುವುಗಳ ಲೆಕ್ಕ ಹೇಳಬೇಕಾಗಿಲ್ಲ. ಉಳಿದದ್ದು ಅವರು 'ಅದು ಹೇಗೆ?' ಎಂದು ಕೇಳಿದಾಗ ಕೊಡುವ ಉತ್ತರ.

ಕೇಳುವವರು ಬದಲಾದರೆ ವಾಕ್ಯವೂ ಬದಲಾಗಬೇಕು. ಗುಂಡ್ಲುಪೇಟೆಯ ಟ್ರಾವೆಲ್ಸ್ ಮಾಲೀಕರಿಗೆ ಇದೇ ಮಾತು ಹೇಳಿದರೆ 'ನಮ್ಮ ಗಾಡಿಗಳನ್ನು ಅಲ್ಲಿ ಇಳಿಯಲು ಬಿಡುವುದಿಲ್ಲವಲ್ಲ' ಎಂದು ಮಾತು ಮುಗಿಯುತ್ತದೆ. ಅವರಿಗೆ ಊಟಿಯಿಂದ ಗೂಡಲೂರಿಗೆ ಇಳಿಯುವ ದಾರಿಯನ್ನು ಹೆಸರಿಸಿ ಹೇಳಿ. ಕಾರಣ ಅದೇ, ಊರು ಬೇರೆ.

ಚಿಕ್ಕದು ಮಾಡುವ ಭರದಲ್ಲಿ ಅರ್ಥ ಕೆಡಬಾರದು. 'ಗೇರಿದ್ದರೆ ಬ್ರೇಕೇ ಬೇಡ' ಎಂದರೆ ಕೇಳಲು ಚುರುಕಾಗಿರುತ್ತದೆ, ಆದರೆ ಅದು ತಪ್ಪು, ನಂಬಿ ನಡೆದವರಿಗೆ ಅಪಾಯ. 'ಹಿಡಿಯದೇ ಹೋಗಬಹುದು' ಎಂಬಲ್ಲಿನ 'ಬಹುದು' ಕೂಡ ಬಿಡುವಂಥದ್ದಲ್ಲ. ಬ್ರೇಕ್ ಪ್ರತಿ ಸಲವೂ ಕೈಕೊಡುವುದಿಲ್ಲ. ಹತ್ತು ಸಲ ಸುಖವಾಗಿ ಇಳಿದ ಡ್ರೈವರ್ ನಿಮ್ಮ ಮಾತನ್ನು ಅಲ್ಲೇ ತಳ್ಳಿಹಾಕುತ್ತಾನೆ.

ವಾಕ್ಯ ಸರಿಯಾಗಿದೆಯೇ ಎಂದು ತಿಳಿಯಲು, ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಮ್ಮೆ ಹೇಳಿ. ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ 'ನಾನು ಏನು ಹೇಳಿದೆ?' ಎಂದು ಕೇಳಿ. 'ಏನೋ ಘಾಟಿ ರಸ್ತೆ ವಿಷಯ' ಎಂದರೆ ಮೊದಲ ವಾಕ್ಯದಲ್ಲಿ ಕಾರಣ ನಿಂತಿಲ್ಲ. 'ಬ್ರೇಕ್ ಕಾಯುತ್ತದಂತೆ' ಎಂದಷ್ಟೇ ಹೇಳಿ ನಿಲ್ಲಿಸಿದರೆ ನಿಮ್ಮ ಕೋರಿಕೆ ತಲುಪಿಲ್ಲ, ಎರಡನೆಯ ವಾಕ್ಯ ತಿದ್ದಿ. ಎರಡನ್ನೂ ತಮ್ಮದೇ ಮಾತಿನಲ್ಲಿ ಹೇಳಿದರೆ, ಮುಂದಿನ ಟೀ ವಿರಾಮಕ್ಕೆ ಅದನ್ನು ಹಾಗೆಯೇ ಇಟ್ಟುಕೊಳ್ಳಿ.