‘ನಿಮ್ಮ ನಿರೀಕ್ಷೆ ಎಷ್ಟು?’: ಚಾಟಿನ ಆರಂಭದಲ್ಲೇ ಬರುವ ಸಂಬಳದ ಪ್ರಶ್ನೆ

ಬೆಂಗಳೂರಿನ ಐಟಿ ಕೆಲಸಗಳಿಗೆ ಜನ ಹುಡುಕುವ ರಿಕ್ರೂಟರ್‌ಗಳು ಲಿಂಕ್ಡ್‌ಇನ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಕಳಿಸುವ ಮೊದಲೆರಡು ಸಂದೇಶಗಳಲ್ಲೇ ಮೂರು ಪ್ರಶ್ನೆಗಳು ಒಟ್ಟಿಗೆ ಬಂದುಬಿಡುತ್ತವೆ: ಈಗಿನ ಸಿಟಿಸಿ ಎಷ್ಟು, ನಿರೀಕ್ಷೆ ಎಷ್ಟು, ನೋಟಿಸ್ ಪೀರಿಯಡ್ ಎಷ್ಟು ದಿನ. ಕೆಲಸ ಯಾವುದು, ಕಂಪನಿ ಯಾವುದು ಎಂಬುದೇ ಆಗ ಅಭ್ಯರ್ಥಿಗೆ ಸರಿಯಾಗಿ ತಿಳಿದಿರುವುದಿಲ್ಲ. ಆದರೂ ಆ ಹೊತ್ತಿನಲ್ಲಿ ಟೈಪ್ ಮಾಡಿ ಕಳಿಸಿದ ಅಂಕಿ ಮುಂದಿನ ಮಾತುಕತೆಯ ಉದ್ದಕ್ಕೂ ಜೊತೆಗೇ ಬರುತ್ತದೆ.

ಪ್ರಶ್ನೆ ಇಷ್ಟು ಬೇಗ ಬರಲು ಕಾರಣ ರಿಕ್ರೂಟರ್‌ ಮುಂದಿರುವ ಎಕ್ಸೆಲ್ ಹಾಳೆ. ಅದರಲ್ಲಿ ಹೆಸರು, ಅನುಭವ, ಈಗಿನ ಸಂಬಳ, ನಿರೀಕ್ಷೆ, ನೋಟಿಸ್, ಊರು ಎಂಬ ಕಾಲಮ್‌ಗಳಿರುತ್ತವೆ. ಒಂದು ಕಾಲಮ್ ಖಾಲಿ ಬಿಟ್ಟರೂ ಆ ಪ್ರೊಫೈಲನ್ನು ಮುಂದಕ್ಕೆ ಕಳಿಸಲು ಆಗುವುದಿಲ್ಲ. ಹುದ್ದೆಗೆ ಕಂಪನಿ ಮೊದಲೇ ಒಂದು ಬಜೆಟ್ ಮಂಜೂರು ಮಾಡಿರುತ್ತದೆ. ಅದಕ್ಕೆ ಹೊಂದದವರನ್ನು ಸಂದರ್ಶನಕ್ಕೆ ಮೊದಲೇ ಬದಿಗಿಟ್ಟರೆ ಎಲ್ಲರ ಸಮಯವೂ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಹಾಗಾಗಿ ಪ್ರಶ್ನೆಯಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಆದರೆ ಆ ಬಜೆಟ್ ಎಷ್ಟೆಂಬುದು ಕೇಳುವವರಿಗೆ ಗೊತ್ತು, ಹೇಳುವವರಿಗೆ ಗೊತ್ತಿಲ್ಲ. ಅಭ್ಯರ್ಥಿಗೆ ತೊಡಕಾಗುವುದು ಇದೇ.

ಕೇಳುತ್ತಿರುವವರು ಯಾರು ಎಂಬುದರ ಮೇಲೆ ಉತ್ತರವೂ ಬದಲಾಗಬೇಕಾಗುತ್ತದೆ. ಕಂಪನಿಯ ಸ್ವಂತ ಎಚ್‌ಆರ್ ವಿಭಾಗದವರಿಗೆ ಬಜೆಟ್ ಮೀರದಂತೆ ನೋಡಿಕೊಳ್ಳುವ ಹೊಣೆ ಇರುತ್ತದೆ. ಹೊರಗಿನ ಕನ್ಸಲ್ಟೆನ್ಸಿಗೆ ಸೇರಿಸಿಕೊಟ್ಟ ಅಭ್ಯರ್ಥಿಯ ಸಿಟಿಸಿಯಲ್ಲಿ ಒಂದು ಪಾಲು ಕಮಿಷನ್ ಆಗಿ ಬರುತ್ತದೆ. ಒಂದು ತಿಂಗಳ ಸಂಬಳಕ್ಕೆ ಸಮನಾದ ಶೇ. 8.33 ಎಂಬುದು ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ದರ. ಸಂಬಳ ಹೆಚ್ಚಾದಷ್ಟೂ ಕಮಿಷನ್ ಹೆಚ್ಚುವುದರಿಂದ ಕನ್ಸಲ್ಟೆನ್ಸಿ ಅಭ್ಯರ್ಥಿಯ ಪರವಾಗಿಯೇ ಇರುತ್ತದೆ ಎಂದು ಹಲವರು ನಂಬುತ್ತಾರೆ. ಲೆಕ್ಕ ಹಾಕಿ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. 15 ಲಕ್ಷದ ಹುದ್ದೆ ತುಂಬಿದರೆ ಅವರಿಗೆ ಸುಮಾರು 1.25 ಲಕ್ಷ ಸಿಗುತ್ತದೆ. ಅಭ್ಯರ್ಥಿ ಇನ್ನೊಂದು ಲಕ್ಷಕ್ಕೆ ಪಟ್ಟು ಹಿಡಿದು ಗೆದ್ದರೆ ಅವರಿಗೆ ಹೆಚ್ಚುವರಿಯಾಗಿ ಸಿಗುವುದು 8 ಸಾವಿರ ಚಿಲ್ಲರೆ, ಪಟ್ಟು ಹಿಡಿದು ಕೆಲಸವೇ ಕೈತಪ್ಪಿದರೆ ಹೋಗುವುದು ಪೂರ್ತಿ 1.25 ಲಕ್ಷ. ಬೇಗ ಒಪ್ಪಿಸಿ ಮುಗಿಸಿದರೆ ಸಾಕು ಎಂದು ಅವರಿಗೆ ಅನಿಸಿದರೆ ಅದು ಸಹಜ. ಮೂರನೆಯದು ಕಾಂಟ್ರ್ಯಾಕ್ಟ್ ಕೆಲಸ. ಅಲ್ಲಿ ಅಭ್ಯರ್ಥಿ ವೆಂಡರ್ ಕಂಪನಿಯ ಪೇರೋಲ್‌ನಲ್ಲಿದ್ದು ಬೇರೆಯವರ ಆಫೀಸಿನಲ್ಲಿ ದುಡಿಯುತ್ತಾನೆ. ಗ್ರಾಹಕ ಕಂಪನಿ ತಿಂಗಳಿಗೆ ಇಷ್ಟು ಎಂದು ವೆಂಡರ್‌ಗೆ ಕೊಡುವ ದರ ನಿಗದಿಯಾಗಿದ್ದರೆ, ಅಭ್ಯರ್ಥಿ ಕಡಿಮೆ ಕೇಳಿದ ಪ್ರತಿ ರೂಪಾಯಿಯೂ ವೆಂಡರ್‌ ಜೇಬಿಗೇ ಸೇರುತ್ತದೆ. ಇಂಥ ಕಡೆ ಮೊದಲು ಬಾಯಿಬಿಟ್ಟವರಿಗೆ ನಷ್ಟ ಹೆಚ್ಚು. ಆದ್ದರಿಂದ ಇದು ಕಂಪನಿಯ ಪೇರೋಲೋ ವೆಂಡರ್ ಪೇರೋಲೋ ಎಂದು ಕೇಳಿ ತಿಳಿದುಕೊಂಡ ಮೇಲೆಯೇ ಸಂಬಳದ ಮಾತಿಗೆ ಹೋಗುವುದು ಒಳ್ಳೆಯದು.

ಮೊದಲ ಉತ್ತರದಲ್ಲಿ ಅಂಕಿ ಕೊಡದೆ ಬಜೆಟ್ ಕೇಳಬಹುದು. ಈ ಚಾಟುಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ನಡೆದರೂ ಉತ್ತರದ ಸಾರ ಹೀಗಿರಬಹುದು: ‘ಸಂಪರ್ಕಿಸಿದ್ದಕ್ಕೆ ಥ್ಯಾಂಕ್ಸ್. ಕೆಲಸದ ವಿವರ ನೋಡಿದೆ, ಆಸಕ್ತಿ ಇದೆ. ಈ ಹುದ್ದೆಗೆ ಬಜೆಟ್ ಎಷ್ಟಿದೆ, ಅದರಲ್ಲಿ ಫಿಕ್ಸೆಡ್ ಎಷ್ಟು ಎಂದು ತಿಳಿಸಿದರೆ ನನಗೆ ಹೊಂದುತ್ತದೆಯೇ ಎಂದು ಇವತ್ತೇ ಹೇಳುತ್ತೇನೆ.’ ಈ ಉತ್ತರದಲ್ಲಿ ಕೊನೆಯ ಮಾತಿಗೆ ಬೆಲೆ ಹೆಚ್ಚು. ರಿಕ್ರೂಟರ್‌ಗೆ ಬೇಕಾಗಿರುವುದು ಮುಂದುವರಿಯಬೇಕೋ ಬೇಡವೋ ಎಂಬ ತೀರ್ಮಾನ, ಅದು ಇವತ್ತೇ ಸಿಗುತ್ತದೆ ಎಂದಾಗ ಬಜೆಟ್ ಹೇಳಲು ಅವರಿಗೂ ಒಂದು ಕಾರಣ ಸಿಕ್ಕಂತಾಗುತ್ತದೆ. ನೋಟಿಸ್ ಪೀರಿಯಡ್ ಮಾತ್ರ ಇಲ್ಲೇ ಹೇಳಿಬಿಡಬಹುದು, ಅದನ್ನು ಮುಚ್ಚಿಟ್ಟು ಲಾಭವಿಲ್ಲ. 90 ದಿನದ ನೋಟಿಸ್ ಇರುವವರ ನಡುವೆ 15 ದಿನದಲ್ಲಿ ಸೇರಬಲ್ಲವರಿಗೆ ಅದೇ ಒಂದು ಬಲ.

ಕೆಲವರು ಬಜೆಟ್ ಹೇಳುತ್ತಾರೆ. ‘ಬಜೆಟ್ ತೊಂದರೆ ಇಲ್ಲ, ನಿಮ್ಮ ನಿರೀಕ್ಷೆ ಹೇಳಿ’ ಎನ್ನುವವರೂ ಇದ್ದಾರೆ. ಎರಡನೇ ಸಲವೂ ನುಣುಚಿಕೊಂಡರೆ ಆ ಪ್ರೊಫೈಲ್ ಅಲ್ಲಿಗೇ ನಿಲ್ಲುವ ಸಂಭವವಿದೆ. ಸಂಬಳದ ಮಾತನ್ನು ಕೊನೆಯ ಸುತ್ತಿನವರೆಗೂ ಎತ್ತಲೇಬಾರದು ಎಂಬ ಸಲಹೆ ಪುಸ್ತಕಗಳಲ್ಲಿ ಚೆನ್ನಾಗಿ ಕಾಣುತ್ತದೆ, ನೂರಾರು ಅರ್ಜಿಗಳ ನಡುವೆ ಕೂತ ರಿಕ್ರೂಟರ್ ಅದಕ್ಕೆ ಕಾಯುವುದಿಲ್ಲ. ಒಮ್ಮೆ ಕೇಳಿ ನೋಡಿ, ಉತ್ತರ ಬರದಿದ್ದರೆ ಅಂಕಿ ಕೊಡುವುದೇ ಇಲ್ಲಿ ನಡೆಯುವ ದಾರಿ. ಆದರೆ ಕೊಡುವ ಅಂಕಿ ಸಿಟಿಸಿಯದ್ದಾಗಿರಬಾರದು. ಏಕೆ ಎಂಬುದು ಒಂದು ಪೇಸ್ಲಿಪ್ ಬಿಡಿಸಿ ನೋಡಿದರೆ ತಿಳಿಯುತ್ತದೆ.

ಐದು ವರ್ಷ ಅನುಭವವಿರುವ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳ ಸಿಟಿಸಿ 12 ಲಕ್ಷ ಎಂದುಕೊಳ್ಳೋಣ. ಮೂಲ ವೇತನ ಇದರ ಅರ್ಧ, ಅಂದರೆ 6 ಲಕ್ಷ. ಕಂಪನಿ ಕಟ್ಟುವ ಪಿಎಫ್ ಮೂಲ ವೇತನದ ಶೇ. 12ರಂತೆ 72,000 ರೂಪಾಯಿ, ಗ್ರಾಚ್ಯುಟಿಗೆ ಶೇ. 4.81ರಂತೆ 28,860, ವಿಮೆಯ ಕಂತು 15,000, ವರ್ಷದ ಕೊನೆಗೆ ಬಂದರೆ ಬಂತು ಎನ್ನುವ ವೇರಿಯಬಲ್ 1,20,000. ಇವೆಲ್ಲ ಸಿಟಿಸಿಯ ಒಳಗೇ ಸೇರಿವೆ. ಇವನ್ನು ಕಳೆದರೆ ಉಳಿಯುವ ಫಿಕ್ಸೆಡ್ ಹಣ 9,64,140, ತಿಂಗಳಿಗೆ 80,345. ಅವಳ ಪಾಲಿನ ಪಿಎಫ್ 6,000 ಮತ್ತು ವೃತ್ತಿ ತೆರಿಗೆ 200 ಹೋದರೆ ಖಾತೆಗೆ ಬೀಳುವುದು 74 ಸಾವಿರ ಚಿಲ್ಲರೆ. ಊರಿನಲ್ಲಿ ಮಾತ್ರ ‘ತಿಂಗಳಿಗೆ ಲಕ್ಷ ಸಂಬಳ’ ಎಂದೇ ಸುದ್ದಿ.

ಇವಳು ಚಾಟಿನಲ್ಲಿ ‘15 ಲಕ್ಷ ನಿರೀಕ್ಷೆ’ ಎಂದಷ್ಟೇ ಬರೆದಳು, ಕಂಪನಿ ಮರುಮಾತಿಲ್ಲದೆ ಒಪ್ಪಿತು. ಶೇ. 25 ಹೈಕ್! ಆಫರ್ ಲೆಟರ್ ಬಂದಾಗ ಆ 15 ಲಕ್ಷದಲ್ಲಿ 1 ಲಕ್ಷ ಜಾಯಿನಿಂಗ್ ಬೋನಸ್ ಇದೆ. ವರ್ಷದೊಳಗೆ ಬಿಟ್ಟರೆ ಅದನ್ನು ವಾಪಸ್ ಕೊಡಬೇಕು, ಎರಡನೇ ವರ್ಷಕ್ಕೆ ಅದು ಇಲ್ಲ. ವೇರಿಯಬಲ್ ಶೇ. 15, ಅಂದರೆ 2,25,000. ಪಿಎಫ್ 90,000, ಗ್ರಾಚ್ಯುಟಿ 36,075, ವಿಮೆ 15,000. ಇಷ್ಟನ್ನೂ ಕಳೆದಾಗ ಫಿಕ್ಸೆಡ್ 10,33,925, ತಿಂಗಳಿಗೆ 86,160. ಮೊದಲಿಗಿಂತ ಹೆಚ್ಚಾಗಿದ್ದು ತಿಂಗಳಿಗೆ 5,815 ರೂಪಾಯಿ, ಅಂದರೆ ಶೇ. 7ರಷ್ಟು. ಹೊಸ ತೆರಿಗೆ ಪದ್ಧತಿಯ 2025-26ರ ದರದಂತೆ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ. ಬೋನಸ್ಸು, ವೇರಿಯಬಲ್ಲು ಸೇರಿ ಇವಳ ಆದಾಯ ಆ ಗೆರೆ ದಾಟುವುದರಿಂದ ಹೆಚ್ಚಿದ ದುಡ್ಡೆಲ್ಲ ತೆರಿಗೆಗೇ ಹೋಗಿ, ತಿಂಗಳ ಕೊನೆಗೆ ಖಾತೆಯಲ್ಲಿ ಹಳೆಯ ಸಂಬಳಕ್ಕಿಂತ ಕಡಿಮೆ ಕಂಡರೂ ಆಶ್ಚರ್ಯವಿಲ್ಲ. ಕಂಪನಿ ಇಲ್ಲಿ ಮೋಸ ಮಾಡಿಲ್ಲ. ಅವಳು ಕೇಳಿದ 15 ಲಕ್ಷವನ್ನೇ ಕೊಟ್ಟಿದೆ.

ಇದೇ ಹುಡುಗಿ ಫಿಕ್ಸೆಡ್ ಲೆಕ್ಕದಲ್ಲಿ ಮಾತಾಡಿದ್ದರೆ ಕಥೆ ಬೇರೆಯಾಗುತ್ತಿತ್ತು. ಈಗಿನ ಫಿಕ್ಸೆಡ್ 9.64 ಲಕ್ಷದ ಮೇಲೆ ನಿಜವಾಗಿ ಶೇ. 25 ಬೇಕಿದ್ದರೆ ಆಗುವುದು ಸುಮಾರು 12 ಲಕ್ಷ. ಆಗ ಉತ್ತರ ಹೀಗೆ: ‘ಪಿಎಫ್, ಗ್ರಾಚ್ಯುಟಿ, ವೇರಿಯಬಲ್ ಬಿಟ್ಟು ಫಿಕ್ಸೆಡ್ 12ರಿಂದ 13 ಲಕ್ಷ ನೋಡುತ್ತಿದ್ದೇನೆ. ಕೆಲಸದ ಜವಾಬ್ದಾರಿ ಪೂರ್ತಿ ತಿಳಿದ ಮೇಲೆ ಇದು ಸ್ವಲ್ಪ ಬದಲಾಗಬಹುದು.’ ರೇಂಜ್ ಕೊಡುವಾಗ ಒಂದು ಎಚ್ಚರ ಬೇಕು. ರಿಕ್ರೂಟರ್‌ನ ಹಾಳೆಯಲ್ಲಿ ನಿರೀಕ್ಷೆಗೆ ಇರುವುದು ಒಂದೇ ಕಾಲಮ್, ಅಲ್ಲಿ ಬರೆದುಕೊಳ್ಳುವುದು ಹೆಚ್ಚಾಗಿ ಕೆಳಗಿನ ಅಂಕಿಯನ್ನೇ. ಆದ್ದರಿಂದ 12 ಸಿಕ್ಕರೂ ಸಂತೋಷದಿಂದ ಸೇರುತ್ತೇನೆ ಎನ್ನುವಂತಿದ್ದರೆ ಮಾತ್ರ 12 ಎಂದು ಬರೆಯಬೇಕು. 10ರಿಂದ 14 ಎಂಬಂಥ ಅಗಲದ ರೇಂಜ್ ಕೊಟ್ಟರೆ 10 ಎಂದು ಹೇಳಿದಂತೆಯೇ. ‘ಬದಲಾಗಬಹುದು’ ಎಂಬ ಸಾಲನ್ನು ಮೊದಲ ದಿನವೇ ಬರೆದಿಟ್ಟರೆ, ಮೂರು ಸುತ್ತಿನ ಸಂದರ್ಶನದ ಬಳಿಕ ತಂಡ ನಡೆಸುವ ಹೊಣೆಯೂ ಇದೆ ಎಂದು ತಿಳಿದಾಗ ಅಂಕಿ ಏರಿಸಲು ಮುಖವಿರುತ್ತದೆ. ಅದಿಲ್ಲದೆ ಏರಿಸಿದರೆ ‘ಮೊದಲು ಹೇಳಿದ್ದೇ ಬೇರೆ’ ಎಂಬ ಮಾತು ಬಂದೇ ಬರುತ್ತದೆ, ಚಾಟಿನ ಸ್ಕ್ರೀನ್‌ಶಾಟ್ ಸಮೇತ.

ನಿರೀಕ್ಷೆಗಿಂತ ಕಷ್ಟದ ಪ್ರಶ್ನೆ ಈಗಿನ ಸಂಬಳದ್ದು. ಹೊಸ ಸಂಬಳವನ್ನು ಹಳೆಯದರ ಮೇಲೆ ಶೇ. 20–30 ಎಂದು ಕಟ್ಟುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಕಡಿಮೆ ಸಂಬಳದಲ್ಲಿ ವೃತ್ತಿ ಆರಂಭಿಸಿದವರು, ಮಕ್ಕಳಾದ ಮೇಲೆ ಬಿಡುವು ಪಡೆದು ಮರಳಿದವರು ಇದರಿಂದ ವರ್ಷಗಟ್ಟಲೆ ಹಿಂದೆಯೇ ಉಳಿಯುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹಳೆಯ ಸಂಬಳ ಕೇಳುವುದನ್ನು 2018ರಿಂದ ಕಾನೂನೇ ನಿಷೇಧಿಸಿದೆ. 2023ರಿಂದ 15 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಜಾಹೀರಾತಿನಲ್ಲೇ ಸಂಬಳದ ರೇಂಜ್ ಹಾಕಬೇಕು. ಅಲ್ಲಿ ಕೆಲಸ ಹುಡುಕುವ ಕನ್ನಡಿಗರು ನಿರೀಕ್ಷೆಯ ಪ್ರಶ್ನೆಗೆ ಜಾಹೀರಾತಿನ ರೇಂಜನ್ನೇ ತೋರಿಸಿ ಮಾತು ಶುರುಮಾಡಬಹುದು. ಐರೋಪ್ಯ ಒಕ್ಕೂಟವೂ 2023ರ ನಿರ್ದೇಶನದಲ್ಲಿ ಇಂಥದ್ದೇ ನಿಯಮ ತಂದಿದೆ. ಭಾರತದಲ್ಲಿ ಹಾಗೆ ತಡೆಯುವ ಕಾನೂನು ಇಲ್ಲದ್ದರಿಂದ ಪ್ರಶ್ನೆ ಬಂದೇ ಬರುತ್ತದೆ.

ಆಗ ಸಂಬಳವನ್ನು ಏರಿಸಿ ಹೇಳುವುದು ಮಾತ್ರ ಅಪಾಯ. ಸೇರುವ ಮುನ್ನ ಮೂರು ತಿಂಗಳ ಪೇಸ್ಲಿಪ್, ಫಾರಂ 16 ಕೇಳುತ್ತಾರೆ. ಅಂಕಿ ತಾಳೆಯಾಗದಿದ್ದರೆ ಹಳೆಯ ಕಡೆ ರಾಜೀನಾಮೆ ಕೊಟ್ಟಾದ ಮೇಲೂ ಆಫರ್ ರದ್ದಾಗಬಹುದು. ನಿಜ ಹೇಳಿಯೂ ಮಾತನ್ನು ತಿರುಗಿಸುವ ದಾರಿ ಇದೆ: ‘ಈಗಿನ ಸಿಟಿಸಿ 12 ಲಕ್ಷ, ಫಿಕ್ಸೆಡ್ 9.64. ಏಪ್ರಿಲ್‌ನಲ್ಲಿ ಅಪ್ರೈಸಲ್ ಇದೆ. ನನ್ನ ನಿರೀಕ್ಷೆ ಈ ಕೆಲಸದ ಮಾರುಕಟ್ಟೆ ದರ ನೋಡಿ ಹೇಳಿದ್ದು, ಈಗಿನ ಸಂಬಳದ ಮೇಲೆ ಲೆಕ್ಕ ಹಾಕಿದ್ದಲ್ಲ.’ ಅಪ್ರೈಸಲ್ ನಿಜವಾಗಿ ಹತ್ತಿರವಿದ್ದರೆ ಮಾತ್ರ ಆ ಸಾಲು ಸೇರಿಸಬೇಕು. ಇನ್ನೊಂದು ಆಫರ್ ಕೈಯಲ್ಲಿದೆ ಎಂದು ಹೇಳುವುದಕ್ಕೂ ಇದೇ ಮಾತು ಅನ್ವಯ, ಏಕೆಂದರೆ ಆ ಲೆಟರ್ ತೋರಿಸಿ ಎಂದು ಕೇಳುವುದು ಈಗ ಮಾಮೂಲಿ.

ಚಾಟಿನ ಹಂತದಲ್ಲೇ ಪೇಸ್ಲಿಪ್, ಆಧಾರ್ ಅಥವಾ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ ಎಂದರೆ ಕಳಿಸಬೇಕಾಗಿಲ್ಲ. ಅವು ಬೇಕಾಗುವುದು ಆಫರ್‌ನ ಹಂತದಲ್ಲಿ, ಅದೂ ಕಂಪನಿಯ ಅಧಿಕೃತ ಇಮೇಲ್ ಅಥವಾ ಪೋರ್ಟಲ್ ಮೂಲಕ. ನೋಂದಣಿ ಶುಲ್ಕ, ತರಬೇತಿ ಶುಲ್ಕ ಎಂದು ಯುಪಿಐಗೆ ದುಡ್ಡು ಹಾಕಲು ಹೇಳಿದರೆ ಅತ್ತ ಇರುವವರು ರಿಕ್ರೂಟರ್ ಅಲ್ಲ, ಆ ನಂಬರನ್ನು ಬ್ಲಾಕ್ ಮಾಡಿ 1930 ಸೈಬರ್ ಸಹಾಯವಾಣಿಗೆ ತಿಳಿಸಬಹುದು. ಎಲ್ಲ ಸರಿಯಿದ್ದು ಫೋನಿನಲ್ಲಿ ಮಾತು ಮುಗಿದಿದ್ದರೆ, ಒಪ್ಪಿದ ಅಂಕಿಯನ್ನು ಫಿಕ್ಸೆಡ್, ವೇರಿಯಬಲ್ ಬಿಡಿಬಿಡಿಯಾಗಿ ಅದೇ ಚಾಟಿನಲ್ಲಿ ಒಂದು ಸಾಲು ಬರೆದು, ‘ಹೀಗೇ ತಾನೆ?’ ಎಂದು ಕೇಳಿ ‘ಹೌದು’ ಎಂಬ ಉತ್ತರ ಪಡೆದಿಟ್ಟುಕೊಳ್ಳಬೇಕು. ರಿಕ್ರೂಟರ್ ಕೆಲಸ ಬಿಟ್ಟು ಹೋಗಿ ಅವರ ಜಾಗಕ್ಕೆ ಬೇರೆಯವರು ಬಂದಾಗ ತೋರಿಸಲು ಅದೊಂದೇ ಉಳಿದಿರುತ್ತದೆ.