ಅಂಗಿಯೊಳಗಿನ ಇನ್ನೂರು ಗ್ರಾಂ ನೀರು

ಮುಳಬಾಗಿಲು ಕಡೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಚಳಿಗಾಲದಲ್ಲಿ ಬೆಳಗಿನ ಜಾವ ಟೊಮೆಟೊ ಬಾಕ್ಸುಗಳನ್ನು ಗಾಡಿಗೆ ತುಂಬಿಸಿಕೊಂಡು ಕೋಲಾರದ ಎಪಿಎಂಸಿಗೆ ಹೊರಡುತ್ತಾರಂತೆ. ತುಂಬುವಾಗ ಬೆವರು ಧಾರಾಕಾರ. ಗಾಡಿಯ ಹಿಂದೆ ಕೂತು ಸ್ವಲ್ಪ ದೂರ ಬರುವಷ್ಟರಲ್ಲಿ ಹಲ್ಲು ಕಟಕಟ. ಕಾಟನ್ ಅಂಗಿಯೇ ಮೈಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮಗನ ಪಾಲಿಯೆಸ್ಟರ್ ಟೀ ಶರ್ಟ್ ಹಾಕಿಕೊಂಡ ದಿನವೇ ಚಳಿ ಕಡಿಮೆ ಯಾಕೆ? ಅವರ ತಾತ ಕುರಿ ಕಾಯುತ್ತಿದ್ದವರು, ಅದೇ ಚಳಿಯಲ್ಲಿ ಒಂದು ಕಂಬಳಿ ಹೊದ್ದು ರಾತ್ರಿಯೆಲ್ಲ ಬಯಲಿನಲ್ಲಿ ಇರುತ್ತಿದ್ದರಂತೆ. ಅದು ಹೇಗೆ?

ಬಟ್ಟೆ ಅಂಗಡಿಯಲ್ಲಿ ಯಾವುದು ತಂಪು, ಯಾವುದು ಬೆಚ್ಚಗೆ ಎಂದು ಕೇಳಿದರೆ ತಟ್ಟನೆ ಉತ್ತರ ಸಿಗುತ್ತದೆ. ಆದರೆ ಯಾವ ದಾರವೂ ತಾನಾಗಿ ತಂಪಲ್ಲ, ತಾನಾಗಿ ಬಿಸಿಯೂ ಅಲ್ಲ. ಬೆವರಿನ ನೀರನ್ನು ಅದು ಏನು ಮಾಡುತ್ತದೆ ಎನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರವಿದೆ.

ಒಣಗಿದೆ ಎಂದುಕೊಂಡು ಗೂಟಕ್ಕೆ ನೇತುಹಾಕಿದ ಅಂಗಿಯಲ್ಲೂ ನೀರಿರುತ್ತದೆ. ಗಾಳಿಯ ತೇವಾಂಶ ಶೇ. 65ರಷ್ಟಿರುವ ಕೋಣೆಯಲ್ಲಿ ನೂರು ಗ್ರಾಂ ಒಣ ಹತ್ತಿ ಗಾಳಿಯಿಂದಲೇ ಏಳೆಂಟು ಗ್ರಾಂ ನೀರು ಹೀರಿ ಇಟ್ಟುಕೊಳ್ಳುತ್ತದೆ. ಲಿನನ್ ಅದಕ್ಕಿಂತ ತುಸು ಹೆಚ್ಚು. ಉಣ್ಣೆ ಹದಿನಾಲ್ಕರಿಂದ ಹದಿನಾರು ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಮುಟ್ಟುವುದಿಲ್ಲ. ಈ ನೀರು ಎಳೆಯ ಒಳಗೇ ಸೇರಿಕೊಂಡಿರುವುದರಿಂದ ಕೈಗೆ ಒದ್ದೆ ಅನ್ನಿಸುವುದಿಲ್ಲ. ಅಂಗಿ ತೊಯ್ದಾಗ ಎಳೆ ಎಳೆಗಳ ನಡುವೆ ನಿಲ್ಲುವ ನೀರು ಬೇರೆ, ಇದು ಬೇರೆ. ಮುಂದಿನ ಮಾತೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ಮೊದಲು ಬೇಸಿಗೆ. ಏಪ್ರಿಲ್ ಮಧ್ಯಾಹ್ನ ಕೋಲಾರದಲ್ಲಿ 36 ಡಿಗ್ರಿ ಬಿಸಿ, ತೇವಾಂಶ ಶೇ. 25 ಎಂದು ಇಟ್ಟುಕೊಳ್ಳಿ. ಅದೇ ಹೊತ್ತಿಗೆ ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ. 70. ಥರ್ಮಾಮೀಟರ್ ನೋಡಿದರೆ ಕೋಲಾರವೇ ಕಷ್ಟ. ಆದರೆ ಬೆವರು ಆರುವುದು ಚರ್ಮದ ಮೇಲಿನ ಆವಿಯ ಒತ್ತಡಕ್ಕೂ ಗಾಳಿಯಲ್ಲಿರುವ ಆವಿಯ ಒತ್ತಡಕ್ಕೂ ಇರುವ ಅಂತರದಿಂದ. ಬೆವರಿದ ಚರ್ಮದ ಮೇಲೆ ಈ ಒತ್ತಡ ಸುಮಾರು 5.6 ಕಿಲೋಪಾಸ್ಕಲ್. ಕೋಲಾರದ ಆ ಗಾಳಿಯಲ್ಲಿ 1.5, ಮಂಗಳೂರಿನದರಲ್ಲಿ 3.5. ಕಳೆದು ನೋಡಿದರೆ ಇಲ್ಲಿ ಉಳಿಯುವುದು 4.1, ಅಲ್ಲಿ 2.1. ಅಂದರೆ ಬೆವರನ್ನು ಎಳೆದುಕೊಳ್ಳುವ ಬಲ ಇಲ್ಲಿಯ ಗಾಳಿಗೆ ಹೆಚ್ಚುಕಡಿಮೆ ಎರಡುಪಟ್ಟು. ಮಣ್ಣಿನ ಮಡಕೆಯ ನೀರು ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ, ಕರಾವಳಿಯ ಮನೆಯಲ್ಲಿ ಅಷ್ಟಾಗಿ ತಣಿಯುವುದಿಲ್ಲ. ಕಾರಣ ಇದೇ. ಮಡಕೆ ಒಂದೇ, ಜಿನುಗುವ ನೀರೂ ಒಂದೇ, ಅದನ್ನು ಒಯ್ಯುವ ಗಾಳಿ ಬೇರೆ. ಬಯಲುಸೀಮೆಯ ಬೇಸಿಗೆಯಲ್ಲಿ ಹತ್ತಿ ಅಂಗಿ ಮಾಡುವುದೂ ಮಡಕೆಯ ಕೆಲಸವನ್ನೇ: ಬೆವರನ್ನು ಹೀರಿ, ಅಗಲಕ್ಕೆ ಹರಡಿ, ಗಾಳಿಗೆ ಕೊಡುತ್ತದೆ.

ಆದರೆ ಮಡಕೆಗೂ ಅಂಗಿಗೂ ಒಂದು ಕಡೆ ತಾಳೆಯಾಗುವುದಿಲ್ಲ. ಮಡಕೆಯ ಗೋಡೆ ನೀರಿಗೆ ತಾಗಿಯೇ ಇರುತ್ತದೆ, ಗೋಡೆ ತಣಿದರೆ ನೀರೂ ತಣಿಯುತ್ತದೆ. ಅಂಗಿ ಹಾಗಲ್ಲ. ದಪ್ಪ ಬಟ್ಟೆಯಾದರೆ ಬೆವರು ಬಟ್ಟೆಯ ಹೊರಮೈಯಲ್ಲಿ ಆರುತ್ತದೆ, ಆಗ ಬೇಕಾಗುವ ಶಾಖದಲ್ಲಿ ಒಂದು ಪಾಲು ಹೊರಗಿನ ಬಿಸಿಗಾಳಿಯಿಂದಲೇ ಬರುತ್ತದೆ. ಮೈಗೆ ಸಿಗುವ ತಂಪು ಅಷ್ಟು ಕಡಿಮೆ. ಬಟ್ಟೆ ತೆಳುವಾಗಿರಬೇಕು, ಇಲ್ಲವೇ ಸಡಿಲವಾಗಿದ್ದು ಒಳಗೆ ಗಾಳಿ ಓಡಾಡಬೇಕು. ಬೆಡವಿನ್ ಅಲೆಮಾರಿಗಳು ಸುಡುವ ಮರುಭೂಮಿಯಲ್ಲಿ ಕಪ್ಪು ನಿಲುವಂಗಿ ತೊಡುವುದು ಯಾಕೆ ಎಂದು ಇಸ್ರೇಲಿನ ನೆಗೆವ್‌ನಲ್ಲಿ ಅಳೆದು ನೋಡಿದವರು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರುತ್ತದೆ, ನಿಜ. ಆದರೆ ನಿಲುವಂಗಿ ಸಡಿಲವಾದ್ದರಿಂದ ಆ ಹೆಚ್ಚುವರಿ ಬಿಸಿ ಮೈಗೆ ತಲುಪುವ ಮೊದಲೇ ಗಾಳಿಪಾಲಾಗುತ್ತಿತ್ತು. ಬಿಳಿ ನಿಲುವಂಗಿ ತೊಟ್ಟವರ ಚರ್ಮಕ್ಕೂ ಕಪ್ಪು ತೊಟ್ಟವರ ಚರ್ಮಕ್ಕೂ ಮುಟ್ಟಿದ ಶಾಖ ಹೆಚ್ಚುಕಡಿಮೆ ಒಂದೇ.

ಲಿನನ್‌ಗೆ ಈಗ ಬಂದಿರುವ ಹೆಸರಿಗೂ ಇದೇ ಕಾರಣ. ಅಗಸೆ ಗಿಡದ ಕಾಂಡದ ನಾರು ಹತ್ತಿಗಿಂತ ಬಿರುಸು. ಬಟ್ಟೆ ಮೈಗೆ ಅಂಟಿಕೊಳ್ಳದೆ ಸೆಟೆದು ನಿಲ್ಲುತ್ತದೆ, ಒಳಗೆ ಗಾಳಿ ಆಡುತ್ತದೆ. ಇಸ್ತ್ರಿ ಮಾಡಿದ ಗಳಿಗೆಯಲ್ಲೇ ಸುಕ್ಕುಗಟ್ಟುವುದೂ ಅದೇ ಬಿರುಸಿನ ಇನ್ನೊಂದು ಮುಖ. ಉತ್ತರ ಕರ್ನಾಟಕದಲ್ಲಿ ಬೆಳೆಯುವ ಅಗಸೆ ಬೀಜಕ್ಕೆ, ಎಣ್ಣೆಗೆ. ನಾರಿನ ಅಗಸೆ ಬೇರೆ ತಳಿ, ಅದಕ್ಕೆ ಫ್ರಾನ್ಸ್, ಬೆಲ್ಜಿಯಂ ಕಡೆಯ ತಂಪು ಹವೆ ಬೇಕು. ಬೆಲೆ ಹೆಚ್ಚಾಗುವುದು ಅದಕ್ಕೇ. ನನ್ನನ್ನು ಕೇಳಿದರೆ ಕೋಲಾರದ ಒಣ ಬಿಸಿಲಿಗೆ ಅಷ್ಟು ದುಡ್ಡು ಸುರಿಯುವ ಅಗತ್ಯವಿಲ್ಲ. ಬಿಡಿಬಿಡಿಯಾಗಿ ನೇಯ್ದ ಕೈಮಗ್ಗದ ಹತ್ತಿ ಬಟ್ಟೆಯಲ್ಲಿ ಒಂದು ಸೈಜು ದೊಡ್ಡ ಅಂಗಿ ಹೊಲಿಸಿಕೊಂಡರೆ ಅದೇ ಸುಖ ಸಿಗುತ್ತದೆ.

ಈಗ ಡಿಸೆಂಬರಿನ ಬೆಳಗಿನ ಜಾವಕ್ಕೆ ಬರೋಣ. ಹೊರಗೆ 14 ಡಿಗ್ರಿ. ಬಾಕ್ಸು ತುಂಬಿಸಿದವರ ಕಾಟನ್ ಅಂಗಿ ಇನ್ನೂರು ಗ್ರಾಂ ಬೆವರು ಕುಡಿದಿದೆ ಅಂದುಕೊಳ್ಳೋಣ; ಅಂಗಿಯ ತೂಕದಷ್ಟೇ ನೀರು, ಹೆಚ್ಚೇನಲ್ಲ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2.4 ಕಿಲೋಜೌಲ್ ಶಾಖ ಬೇಕು. ಇನ್ನೂರು ಗ್ರಾಮಿಗೆ 480. ಓಡುವ ಗಾಡಿಯ ಗಾಳಿಗೆ ಅದೆಲ್ಲ ಒಂದು ಗಂಟೆಯಲ್ಲಿ ಆರಿತು ಎಂದರೆ ಸೆಕೆಂಡಿಗೆ 133 ಜೌಲ್, ಅಂದರೆ 133 ವಾಟ್ ಹೋಯಿತು. ಸುಮ್ಮನೆ ಕೂತ ಮನುಷ್ಯನ ಮೈ ಹುಟ್ಟಿಸುವ ಶಾಖವೇ ನೂರು ವಾಟ್ ಆಸುಪಾಸು. ಹೊರಗಿನ ಗಾಳಿ ತಣ್ಣಗಿರುವುದರಿಂದ ಈ ಶಾಖದ ಬಹುಪಾಲನ್ನು ಮೈಯೇ ತೆರಬೇಕು. ದುಡಿಯುವಾಗ ಮೈ ಅದರ ಹಲವು ಪಟ್ಟು ಶಾಖ ಹುಟ್ಟಿಸುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಕೂತ ಮೇಲೆ ಸಾಲ ಎದ್ದು ಕಾಣುತ್ತದೆ. ಏಪ್ರಿಲ್‌ನಲ್ಲಿ ಹತ್ತಿಗೆ ಹೊಗಳಿಕೆ ತಂದುಕೊಟ್ಟ ಗುಣವೇ ಡಿಸೆಂಬರಿನಲ್ಲಿ ನಡುಗಿಸುತ್ತದೆ.

ಪಾಲಿಯೆಸ್ಟರ್ ಈ ಸಂದರ್ಭದಲ್ಲಿ ನಿಜವಾಗಿ ಗೆಲ್ಲುತ್ತದೆ. ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನ ವಿಜ್ಞಾನಿಗಳು 1941ರಲ್ಲಿ ಕಂಡುಹಿಡಿದ ಈ ಎಳೆಗೆ ನೀರು ಕುಡಿಯುವುದು ಗೊತ್ತೇ ಇಲ್ಲ. ಬೆವರು ಎಳೆಗಳ ನಡುವಿನ ಸಂದಿಗಳಲ್ಲಿ ಮಾತ್ರ ಹರಿದಾಡುತ್ತದೆ. ತೆಳ್ಳಗಿನ ಟೀ ಶರ್ಟ್ ಹಿಡಿದಿಡುವ ನೀರು ಕಡಿಮೆ, ಆರಿಸಲು ಮೈ ತೆರುವ ಶಾಖವೂ ಕಡಿಮೆ. ಓದುಗರ ಅನುಭವ ಸುಳ್ಳಲ್ಲ. ಹಾಗೆಂದು ‘ಡ್ರೈ ಫಿಟ್’ ಚೀಟಿಯ ಮಾತನ್ನೆಲ್ಲ ನಂಬಬೇಕಿಲ್ಲ. ಸಂದಿಗಳಲ್ಲಿ ಬೆವರು ಹರಿಯಲು ನೇಯ್ಗೆಯೂ ಎಳೆಯ ಆಕಾರವೂ ಹದವಾಗಿರಬೇಕು. ಒತ್ತಾಗಿ ನೇಯ್ದ ಅಗ್ಗದ ಪಾಲಿಯೆಸ್ಟರ್ ಶರ್ಟಿನಲ್ಲಿ ಬೆವರು ಹರಡದೆ ಚರ್ಮದ ಮೇಲೆಯೇ ನಿಲ್ಲುತ್ತದೆ. ವಾಸನೆಯ ದೂರೂ ಕಟ್ಟುಕಥೆಯಲ್ಲ. ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ವ್ಯಾಯಾಮ ಮಾಡಿದವರ ಟೀ ಶರ್ಟುಗಳನ್ನು ಒಂದು ದಿನಕ್ಕೂ ಹೆಚ್ಚು ಇಟ್ಟು ಮೂಸಿಸಿದರು. ಹತ್ತಿಯದಕ್ಕಿಂತ ಪಾಲಿಯೆಸ್ಟರಿನದು ಹೆಚ್ಚು ನಾರುತ್ತಿತ್ತು, ವಾಸನೆ ಹುಟ್ಟಿಸುವ ಮೈಕ್ರೊಕಾಕಸ್ ಬ್ಯಾಕ್ಟೀರಿಯಾ ಅದರಲ್ಲಿ ಹುಲುಸಾಗಿ ಬೆಳೆದಿತ್ತು. ಇನ್ನೊಂದು ಎಚ್ಚರಿಕೆ ಮಾಲೂರಿನ ಹೆಂಚು, ಇಟ್ಟಿಗೆ ಗೂಡುಗಳಲ್ಲಿ ಕೆಲಸ ಮಾಡುವವರಿಗೆ: ಪಾಲಿಯೆಸ್ಟರ್ 260 ಡಿಗ್ರಿಯ ಹತ್ತಿರ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿಯ ಬಾಯಿಗೆ ಅದು ಬೇಡವೇ ಬೇಡ.

ಇನ್ನು ತಾತನ ಕಂಬಳಿ. ಇದರ ಗುಟ್ಟು ಬಿಡಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದ ಉಣ್ಣೆ ಸಂಶೋಧನಾ ಸಂಸ್ಥೆಯ ಎ.ಬಿ.ಡಿ. ಕ್ಯಾಸಿ. ಉಣ್ಣೆಯ ಎಳೆ ಗಾಳಿಯ ಆವಿಯನ್ನು ಹೀರುವಾಗ ಬಿಸಿಯಾಗುತ್ತದೆ ಎನ್ನುವುದು ಮೊದಲೇ ತಿಳಿದಿತ್ತು. ಆ ಬಿಸಿ ಬಟ್ಟೆಯೊಳಗೆ ಹೇಗೆ ಸಾಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಲೆಕ್ಕವನ್ನು ಕ್ಯಾಸಿ ಮತ್ತು ಅವರ ಜೊತೆಗಾರರು 1940ರಲ್ಲಿ ಬರೆದರು. ಲೆಕ್ಕವನ್ನು ನಮ್ಮ ಕಂಬಳಿಗೇ ಹಾಕಿ ನೋಡೋಣ. ಎರಡು ಕಿಲೋ ಕಂಬಳಿ, ಮಧ್ಯಾಹ್ನವೆಲ್ಲ ಬಿಸಿಲಿಗೆ ಹರವಿ ಒಣಗಿದ್ದು. ರಾತ್ರಿ ಇಬ್ಬನಿ ಬೀಳುವ ಬಯಲಿಗೆ ಒಯ್ದಾಗ ಗಾಳಿಯ ತೇವಾಂಶ ಶೇ. 90 ದಾಟಿರುತ್ತದೆ. ತನ್ನ ತೂಕದ ನೂರಕ್ಕೆ ಹತ್ತರಷ್ಟು ಆವಿಯನ್ನು, ಅಂದರೆ ಇನ್ನೂರು ಗ್ರಾಮನ್ನು, ಅದು ಸಲೀಸಾಗಿ ಹೀರುತ್ತದೆ. ಆವಿಯಾಗುವಾಗ ನೀರು ಕಸಿದುಕೊಂಡ ಶಾಖ ಈಗ ವಾಪಸು ಬರಬೇಕು: ಗ್ರಾಮಿಗೆ 2.5 ಕಿಲೋಜೌಲಿನಂತೆ ಐದುನೂರು. ಎರಡು ಗಂಟೆಗೆ ಹಂಚಿದರೆ 70 ವಾಟ್. ಇದರಲ್ಲಿ ಒಂದು ಪಾಲು ಹೊರಕ್ಕೂ ಸೋರುತ್ತದೆ, ಎಲ್ಲವೂ ಹೊದ್ದವರಿಗೇ ಸಿಗುವುದಿಲ್ಲ. ಆದರೂ ತೊಯ್ದ ಅಂಗಿ ಕಿತ್ತುಕೊಂಡ ಮೊತ್ತವನ್ನೇ ಒಣ ಕಂಬಳಿ ಬಿಡುಗಡೆ ಮಾಡಿತಲ್ಲ! ನೀರು ಅಷ್ಟೇ, ಲೆಕ್ಕದ ಚಿಹ್ನೆ ಮಾತ್ರ ತಿರುಗಿದೆ.

ಮಳೆಯ ವಿಷಯ ಇನ್ನೂ ಸ್ವಾರಸ್ಯ. ಇಷ್ಟು ಆವಿ ಕುಡಿಯುವ ಉಣ್ಣೆಯ ಮೇಲೆ ನೀರಿನ ಹನಿ ಬಿದ್ದರೆ ಗುಂಡಗೆ ಉರುಳಿ ಹೋಗುತ್ತದೆ. ಎಳೆಯ ಹೊರಸಿಪ್ಪೆಗೆ ಕೊಬ್ಬಿನ ಲೇಪವಿದೆ. ಆವಿ ಅದನ್ನು ದಾಟುತ್ತದೆ, ಹನಿ ದಾಟುವುದಿಲ್ಲ. ಜೊತೆಗೆ ಜುಂಗು ಜುಂಗಾಗಿ ಎದ್ದ ಕಂಬಳಿಯ ಮೈಮೇಲೆ ಹನಿ ಕೂರುವುದು ಅರ್ಧ ಎಳೆಯ ಮೇಲೆ, ಅರ್ಧ ಗಾಳಿಯ ಮೇಲೆ. ಇಂಥ ಮೈ ನೀರನ್ನು ಎಷ್ಟು ದೂರವಿಡುತ್ತದೆ ಎಂಬ ಸಮೀಕರಣವನ್ನು ಕ್ಯಾಸಿ 1944ರಲ್ಲಿ ಬ್ಯಾಕ್ಸ್ಟರ್ ಜೊತೆ ಸೇರಿ ಪ್ರಕಟಿಸಿದರು. ಬಾತುಕೋಳಿಯ ಗರಿ ನೆನೆಯದ ಕಾರಣವೂ ಅದರಲ್ಲೇ ಇತ್ತು. ಇಂದು ನೀರು ನಿಲ್ಲದ ಗಾಜು, ಬಣ್ಣ ತಯಾರಿಸುವವರೆಲ್ಲ ಬಳಸುವ ಸಮೀಕರಣ ಹುಟ್ಟಿದ್ದು ಉಣ್ಣೆ ಕೆಲಸದವರ ಪ್ರಯೋಗಾಲಯದಲ್ಲಿ. ಕುರಿಗಾಹಿ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಜಡಿಮಳೆಯಲ್ಲಿ ನಿಲ್ಲುವುದು ಈ ಭೌತಶಾಸ್ತ್ರದ ಬಲದ ಮೇಲೆ.

ಕಂಬಳಿಗೂ ಮಿತಿಗಳಿವೆ. ದಖನಿ ಕುರಿಯ ಉಣ್ಣೆ ಒರಟು. ಮೂವತ್ತು ಮೈಕ್ರಾನಿಗಿಂತ ದಪ್ಪದ ಎಳೆಯ ತುದಿ ಚರ್ಮಕ್ಕೆ ಚುಚ್ಚುತ್ತದೆ, ಆದ್ದರಿಂದ ಒಳಗೊಂದು ಅಂಗಿ ಬೇಕು. ಆವಿ ಹೀರಿ ಹೊಟ್ಟೆ ತುಂಬಿದ ಮೇಲೆ ಹೊಸ ಶಾಖವೂ ಬರುವುದಿಲ್ಲ, ಮರುದಿನ ಬಿಸಿಲಿಗೆ ಹಾಕಿದರಷ್ಟೇ ಮತ್ತೆ ತಯಾರು. ಗಂಟುಕಟ್ಟಿ ಮೂಲೆಗಿಟ್ಟ ತಣ್ಣನೆಯ ಕಂಬಳಿ ಹೊದ್ದವರಿಗೆ ಅದರ ದಪ್ಪದ ಬಿಸುಪು ಸಿಗುತ್ತದೆ, ಈ ಮೇಲಿನ ಎಪ್ಪತ್ತು ವಾಟ್ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು ಹೀಗೆ ಮಾಡಬಹುದು: ಬಾಕ್ಸು ತುಂಬುವಾಗ ಆ ಟೀ ಶರ್ಟ್, ಗಾಡಿ ಹೊರಟ ಮೇಲೆ ಅದರ ಮೇಲೆ ಉಣ್ಣೆಯದೇನಾದರೂ, ಬಿಸಿಲೇರಿದ ಮೇಲೆ ಒಣ ಹತ್ತಿ ಅಂಗಿ. ಅಂಗಡಿಯವರು ಕಾಟನ್ ಎಂದು ಕೊಟ್ಟದ್ದು ಕಾಟನ್ನೇ ಹೌದೋ ಎನ್ನುವ ಅನುಮಾನವಿದ್ದರೆ ಹೊಲಿಗೆಯ ಒಳಮಡಿಕೆಯಿಂದ ಬಟ್ಟೆಯ ಒಂದೆರಡು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ಹೊಲಿದ ದಾರವನ್ನು ಕೀಳಬೇಡಿ, ಅದು ಹೇಗೂ ಪಾಲಿಯೆಸ್ಟರ್ ಇರುವುದೇ ಹೆಚ್ಚು. ಹತ್ತಿಯಾಗಲಿ ಲಿನನ್ ಆಗಲಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ಕಮಟು ಬೀರುತ್ತ ಮುದುರಿ ತಾನಾಗಿ ಆರುತ್ತದೆ, ಕರಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಹಿಮ್ಮೆಟ್ಟಿ ಕರಗಿ, ತಣಿದ ಮೇಲೆ ಪುಡಿಯಾಗದ ಗಟ್ಟಿ ಮಣಿಯಾಗುತ್ತದೆ. ಕಾಗದದ ವಾಸನೆಯೂ ಬಂದು ತುದಿಯಲ್ಲಿ ಮಣಿಯೂ ಉಳಿದರೆ ಅದು ಬೆರಕೆ ಬಟ್ಟೆ.